ಒಂದು ಗ್ರಾಮ್, ಇಪ್ಪತ್ತೇಳು ವರ್ಷ

ಈ ಲೆಕ್ಕ ಮೊದಲ ಸಲ ಹಾಕಿದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ದೊಡ್ಡವರೊಬ್ಬರ ಥೈರಾಯ್ಡ್ ಪೂರ್ತಿ ಕೈಕೊಟ್ಟರೆ ದಿನಕ್ಕೆ ಕೊಡಬೇಕಾದ ಥೈರಾಕ್ಸಿನ್ ಸುಮಾರು 100 ಮೈಕ್ರೋಗ್ರಾಮ್. ಹಾಗಾದರೆ ಒಂದೇ ಒಂದು ಗ್ರಾಮ್ ಹತ್ತು ಸಾವಿರ ದಿನಕ್ಕೆ ಸಾಕು. 27 ವರ್ಷ! ಎರಡು ಮೂರು ಚಿಟಿಕೆ ಉಪ್ಪಿನ ತೂಕ, ಅಷ್ಟರಲ್ಲಿ ಆಯುಷ್ಯದ ಮೂರನೇ ಒಂದು ಭಾಗ ನಡೆಯುತ್ತದೆ!

1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚಿದರು. ಆಕೆಯ ಮುಖ ಊದಿತ್ತು, ಮಾತು, ನಡಿಗೆ ಎಲ್ಲವೂ ನಿಧಾನ. ಕೆಲವೇ ತಿಂಗಳಲ್ಲಿ ಆಕೆ ಮತ್ತೆ ಆಕೆಯಾದಳು! ಮುಂದೆ 28 ವರ್ಷ ಬದುಕಿದಳು. ಅದಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು. ಇಂದು ಅದೇ ಕೆಲಸ ಬೆಳಗಿನ ಒಂದು ಪುಟ್ಟ ಬಿಳಿ ಮಾತ್ರೆಯದು.

ಈಗ ವಾರ್ಡಿಗೆ ಬನ್ನಿ. ಒಂದೇ ಫ್ಯಾನಿನ ಕೆಳಗೆ ಎರಡು ಮಂಚ. ಒಬ್ಬರು ಬೇಸಿಗೆಯಲ್ಲೂ ಕಂಬಳಿ ಎಳೆದುಕೊಂಡು ಫ್ಯಾನ್ ಆರಿಸಿ ಅನ್ನುತ್ತಾರೆ. ತೂಕ ಏರಿದೆ, ಚರ್ಮ ಒಣಗಿದೆ, ಮಲಬದ್ಧತೆ, ನಾಡಿ 54. ಇದು ಹೈಪೋಥೈರಾಯ್ಡ್. ಪಕ್ಕದವರು ಬೆವರು ಒರೆಸಿಕೊಳ್ಳುತ್ತ ಫ್ಯಾನ್ ಜೋರು ಮಾಡಿ ಅನ್ನುತ್ತಾರೆ. ಚೆನ್ನಾಗಿ ಉಂಡರೂ ಇಳಿಯುತ್ತಿದ್ದಾರೆ, ನಾಡಿ 118. ಇದು ಹೈಪರ್‌ಥೈರಾಯ್ಡ್. ಅವರ ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು ನೋಡಿ: ಕಣ್ಣಿಗೆ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಪಟಪಟ ಕಾಣುತ್ತದೆ! ರಾತ್ರಿ ಗಾಢ ನಿದ್ದೆಯಲ್ಲಿ ಮತ್ತೊಮ್ಮೆ ನಾಡಿ ಎಣಿಸಿ. ಬರೀ ಆತಂಕದವರ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ. ಇವರದು ನಿದ್ದೆಯಲ್ಲೂ ಓಡುತ್ತಲೇ ಇರುತ್ತದೆ.

ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ವಿದ್ಯಾರ್ಥಿಗಳು ಎಡವುವುದು ಟಿಎಸ್‌ಎಚ್‌ನಲ್ಲಿ. ಹಾರ್ಮೋನ್ ಕಡಿಮೆಯಾದರೆ ಅದೇಕೆ ಏರುತ್ತದೆ? ಟಿಎಸ್‌ಎಚ್ ಥೈರಾಯ್ಡಿನದಲ್ಲ, ಮೆದುಳಿನಡಿಯ ಪಿಟ್ಯುಟರಿಯದು. ಆಳು ಕೆಲಸ ನಿಲ್ಲಿಸಿದರೆ ಮೇಸ್ತ್ರಿ ದನಿ ಏರಿಸುತ್ತಾನೆ, ಹೆಚ್ಚು ಮಾಡಿದರೆ ಬಾಯಿ ಮುಚ್ಚುತ್ತಾನೆ. ಹಾಗಾಗಿ ಗ್ರಂಥಿಯೇ ಕೆಟ್ಟಾಗ ಹೈಪೋದಲ್ಲಿ ಟಿಎಸ್‌ಎಚ್ ಮೇಲೆ, ಹೈಪರ್‌ನಲ್ಲಿ ಕೆಳಗೆ.

ಒಂದು ಉದಾಹರಣೆ ಬಿಡಿಸೋಣ. 60 ಕೆಜಿ ತೂಕದ, ಹೃದಯ ಗಟ್ಟಿಯಿರುವ ನಡುವಯಸ್ಸಿನ ಹೆಂಗಸು. ಕೆಜಿಗೆ 1.6 ಮೈಕ್ರೋಗ್ರಾಮ್‌ನಂತೆ 96; ವೈದ್ಯರು 100ರ ಲಿವೋಥೈರಾಕ್ಸಿನ್ ಬರೆದರು. (ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಶುರುವೇ 12.5 ಅಥವಾ 25ರಿಂದ. ಎದೆನೋವು, ನಾಡಿಯ ಏರಿಕೆ ನೋಡುತ್ತಲೇ ಇರಬೇಕು.) ಟಿಎಸ್‌ಎಚ್ 48 ಇತ್ತು, ಆರು ವಾರದ ನಂತರವೂ 22. ಡೋಸ್ ಏರಿಸಬೇಕೆ? ನರ್ಸ್ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಮಾತ್ರೆ ಹೇಗೆ ತಗೋತೀರಿ?" "ಕಾಫಿ ಜೊತೆ, ಕಬ್ಬಿಣದ ಮಾತ್ರೆನೂ ಆಗಲೇ ನುಂಗ್ತೀನಿ." ಸಿಕ್ಕಿಬಿತ್ತು! ಕಾಫಿಯೂ ಕಬ್ಬಿಣವೂ ಔಷಧಿಯನ್ನು ಕರುಳಲ್ಲೇ ತಡೆದಿದ್ದವು. ಬರಿಹೊಟ್ಟೆಗೆ ನೀರಿನಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ, ನಾಲ್ಕು ಗಂಟೆ ಬಿಟ್ಟು ಕಬ್ಬಿಣ. ಮತ್ತೆ ಆರು ವಾರಕ್ಕೆ ಟಿಎಸ್‌ಎಚ್ 3, ಡೋಸ್ ಅದೇ 100! ಆರು ವಾರ ಕಾಯುವುದೇಕೆಂದರೆ ಈ ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಮಟ್ಟ ನೆಲೆಗೊಳ್ಳಲು ಅಂಥ ಐದು ಸುತ್ತಾಗಬೇಕು.

ಪಕ್ಕದ ಮಂಚದವರಿಗೆ ಕಾರ್ಬಿಮಜೋಲ್. ಅದು ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ, ಆದರೆ ಗ್ರಂಥಿಯೊಳಗೆ ವಾರಗಟ್ಟಲೆಯ ದಾಸ್ತಾನಿದೆ! ಎಂತಹ ಕಣಜ! ಅದು ಖಾಲಿಯಾಗುವವರೆಗೆ ನಾಡಿ, ನಡುಕ ತಣಿಸಲು ಪ್ರೊಪ್ರಾನೊಲಾಲ್ ಕೊಡುತ್ತಾರೆ. ಆಸ್ತಮಾ ಇದೆಯೇ ಎಂದು ಮೊದಲು ಕೇಳಿ, ಇದ್ದವರಿಗೆ ಅದು ಉಸಿರು ಕಟ್ಟಿಸಬಹುದು. ಕಾರ್ಬಿಮಜೋಲ್ ಹೆಚ್ಚಾದರೆ ನಾಡಿ 118ರಿಂದ 56ಕ್ಕೆ ಬಂದು, ಅದೇ ಮನುಷ್ಯ ಕಂಬಳಿ ಕೇಳುತ್ತಾನೆ. ಚಾರ್ಟಿನಲ್ಲಿ ನಾಡಿ, ತೂಕ ಎರಡನ್ನೂ ಬಿಡದೆ ಬರೆದವರಿಗೆ ಇದು ಮೊದಲು ಕಾಣುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನೇ ಬರಿದು ಮಾಡುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಅದರ ಮೊದಲ ಸುಳಿವು ಮಾಮೂಲಿ ಗಂಟಲುನೋವು ಅಥವಾ ಜ್ವರ. ಈ ಮಾತ್ರೆ ತೆಗೆದುಕೊಳ್ಳುವವರು "ಗಂಟಲು ನೋಯ್ತಿದೆ ಸಿಸ್ಟರ್" ಎಂದರೆ ಉಪ್ಪುನೀರು ಮುಕ್ಕಳಿಸಿ ಎಂದು ಕಳಿಸಬೇಡಿ. ಮುಂದಿನ ಡೋಸ್ ತಡೆಹಿಡಿದು ಆಗಲೇ ವೈದ್ಯರಿಗೆ ಹೇಳಿ. ಬಿಳಿಕಣಗಳ ಎಣಿಕೆ ಅಂದೇ ಆಗಬೇಕು.