ಐಸಿಯು ನರ್ಸ್ ಬರೆಯುವ ಎರಡು ಪುಟ

‘ರೋಗಿಗಳ ಸೇವೆ ಮಾಡಬೇಕೆಂಬುದು ಚಿಕ್ಕಂದಿನಿಂದಲೂ ನನ್ನ ಕನಸಾಗಿತ್ತು.’ ಕ್ರಿಟಿಕಲ್ ಕೇರ್ ನರ್ಸಿಂಗಿನಲ್ಲಿ ಎಂ.ಎಸ್ಸಿ. ಓದಲು ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ನಮ್ಮ ಸ್ಟಾಫ್ ನರ್ಸುಗಳ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಬಹಳಷ್ಟು ಸಲ ಶುರುವಾಗುವುದು ಹೀಗೆ. ಮುಂದಿನ ಸಾಲಿಗೆ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದು ಬಂದೇ ಬರುತ್ತಾಳೆ. ಅರ್ಜಿ ಓದುವವರು ತಾವೂ ನರ್ಸಿಂಗ್ ಕಲಿಸುವವರು. ನೈಟಿಂಗೇಲ್ ಅವರಿಗೆ ಹೊಸಬಳಲ್ಲ. ಅಂಕಪಟ್ಟಿ, ಅನುಭವದ ಪತ್ರ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎಲ್ಲವೂ ಅವರ ಕೈಯಲ್ಲಿರುತ್ತವೆ. ಈ ನರ್ಸ್ ಹಾಸಿಗೆಯ ಪಕ್ಕ ನಿಂತಾಗ ಏನನ್ನು ಗಮನಿಸುತ್ತಾಳೆ, ಏನನ್ನು ಪ್ರಶ್ನಿಸುತ್ತಾಳೆ ಎಂಬುದೊಂದು ಮಾತ್ರ ಆ ಕಾಗದಗಳಲ್ಲಿ ಸಿಗುವುದಿಲ್ಲ. ಪತ್ರ ಬರೆಸಿಕೊಳ್ಳುವುದೇ ಅದಕ್ಕಾಗಿ.

ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿರುವ ನರ್ಸೊಬ್ಬರು ತಮ್ಮ ಮೊದಲ ಕರಡನ್ನು ನನಗೆ ತೋರಿಸಿದ್ದರು. ವೆಂಟಿಲೇಟರ್, ಸಕ್ಷನ್, ಸೆಂಟ್ರಲ್ ಲೈನ್, ಇನ್‌ಫ್ಯೂಷನ್ ಪಂಪ್ ಎಂದು ತಾವು ನಿಭಾಯಿಸಿದ್ದೆಲ್ಲದರ ಪಟ್ಟಿ ಅದರಲ್ಲಿತ್ತು. ಐಸಿಯು ನರ್ಸ್ ಎಂದಮೇಲೆ ಇವೆಲ್ಲ ಇದ್ದದ್ದೇ. ಡ್ಯೂಟಿಯಲ್ಲಿ ನಿಮಗೆ ಸಮಾಧಾನವಾಗದೇ ಉಳಿದದ್ದು ಯಾವುದು ಎಂದು ಕೇಳಿದೆ. ‘ಕಫ್ ಪ್ರೆಶರ್ ಮೇಡಂ. ನಮ್ಮಲ್ಲಿ ಬೆರಳಲ್ಲಿ ಒತ್ತಿ ನೋಡಿ ಸರಿ ಇದೆ ಅಂತ ಬರೀತೀವಿ’ ಎಂದರು. ಪತ್ರದ ವಸ್ತು ಅಲ್ಲಿತ್ತು.

ವೆಂಟಿಲೇಟರ್ ಮೇಲಿರುವ ರೋಗಿಯ ಬಾಯಿಂದ ಶ್ವಾಸನಾಳಕ್ಕೆ ಒಂದು ಟ್ಯೂಬ್ ಇಳಿದಿರುತ್ತದೆ. ಅದರ ಕೆಳತುದಿಯ ಹತ್ತಿರ ಗಾಳಿ ತುಂಬುವ ಪುಟ್ಟ ಚೀಲವಿದೆ, ಅದೇ ಕಫ್. ಯಂತ್ರ ಕೊಡುವ ಗಾಳಿ ಮೇಲಕ್ಕೆ ಸೋರದಂತೆ, ಬಾಯಿ ಗಂಟಲಿನ ಜೊಲ್ಲು ಶ್ವಾಸಕೋಶಕ್ಕೆ ಜಾರದಂತೆ ಅದು ತಡೆಯುತ್ತದೆ. ಒಳಗಿನ ಒತ್ತಡ ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. ಕಡಿಮೆಯಾದರೆ ಜೊಲ್ಲು ಒಳಕ್ಕಿಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯುವುದು ತಗ್ಗಿ ಹುಣ್ಣಾಗುತ್ತದೆ, ಮುಂದೆ ನಾಳವೇ ಕಿರಿದಾಗಬಹುದು. ಹೊರಗೆ ನೇತಾಡುವ ಪೈಲಟ್ ಬಲೂನನ್ನು ಎಷ್ಟೇ ಅನುಭವಿ ಬೆರಳು ಒತ್ತಿದರೂ 25ಕ್ಕೂ 45ಕ್ಕೂ ಇರುವ ವ್ಯತ್ಯಾಸವನ್ನು ನಂಬುವ ಹಾಗೆ ಹೇಳಲಾರದು. ಅದಕ್ಕೆ ಮ್ಯಾನೋಮೀಟರ್ ಬೇಕು.

ಇವರು ಇನ್‌ಚಾರ್ಜ್ ಸಿಸ್ಟರನ್ನು ಒಪ್ಪಿಸಿ, ಆಪರೇಷನ್ ಥಿಯೇಟರಿನಲ್ಲಿದ್ದ ಮ್ಯಾನೋಮೀಟರನ್ನು ತರಿಸಿಕೊಂಡು ಪ್ರತಿ ಪಾಳಿಯ ಆರಂಭದಲ್ಲಿ ಅಳೆದು ಬರೆಯತೊಡಗಿದರು. ‘ಸರಿ ಇದೆ’ ಎಂದು ಹ್ಯಾಂಡೋವರ್ ಆಗಿದ್ದ ಕಫ್‌ಗಳಲ್ಲಿ ಕೆಲವು 30 ದಾಟಿದ್ದವು. ರೋಗಿಯನ್ನು ಮಗ್ಗುಲಾಗಿಸಿದ ಮೇಲೆ ಅಂಕಿ ಬದಲಾಗುತ್ತಿತ್ತು. ಮೀಟರ್ ಜೋಡಿಸುವಾಗಲೇ ಒಂದಿಷ್ಟು ಗಾಳಿ ಅದರ ನಳಿಗೆಗೆ ಹೋಗಿ ಒತ್ತಡ ಇಳಿಯುತ್ತಿತ್ತು. ಹಾಗಾದರೆ ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು? ಹೆಚ್ಚು ಸಲ ಅಳೆಯುವುದರಿಂದಲೇ ತೊಂದರೆಯಾದರೆ? ಎರಡನೇ ಕರಡಿನ ನಡುಭಾಗವನ್ನು ಈ ಪ್ರಶ್ನೆಗಳು ತುಂಬಿದವು.

ಆ ಕರಡಿನಲ್ಲೂ ಒಂದು ವಾಕ್ಯ ಹೊಡೆದುಹಾಕಬೇಕಾಯಿತು: ‘ನನ್ನ ಪ್ರಯತ್ನದಿಂದ ನಮ್ಮ ಐಸಿಯುನಲ್ಲಿ ನ್ಯುಮೋನಿಯಾ ಕಡಿಮೆಯಾಯಿತು.’ ಅದೇ ತಿಂಗಳುಗಳಲ್ಲಿ ಹಾಸಿಗೆಯ ತಲೆಭಾಗವನ್ನು 30 ಡಿಗ್ರಿಗಿಂತ ಮೇಲೆ ಎತ್ತಿಡುವ ಕ್ರಮವೂ ಕಟ್ಟುನಿಟ್ಟಾಗಿತ್ತು, ರೋಗಿಗಳೂ ಬೆರಳೆಣಿಕೆಯಷ್ಟೇ. ಯಾವುದರಿಂದ ಏನಾಯಿತೆಂದು ಹೇಳುವಂತಿರಲಿಲ್ಲ. ‘ಇದನ್ನು ಬೇರ್ಪಡಿಸಿ ನೋಡುವ ವಿಧಾನ ನನಗೆ ಗೊತ್ತಿಲ್ಲ, ಅದನ್ನು ಕಲಿಯಲು ಬರುತ್ತಿದ್ದೇನೆ’ ಎಂದು ಬರೆದರು. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತ್ಯಂತ ಗಟ್ಟಿಯಾದ ಸಾಲು ಅದು. ಆ ಕೋರ್ಸಿನ ಸಂಶೋಧನಾ ವಿಧಾನದ ಪತ್ರಿಕೆಯನ್ನು ಹೆಸರಿಸಲು ಅದರಿಂದ ನಿಜವಾದ ಕಾರಣ ಸಿಕ್ಕಿತು. ಇಲ್ಲವಾದರೆ ‘ನಿಮ್ಮ ವಿಶ್ವವಿಖ್ಯಾತ ಸಂಸ್ಥೆ’ ಎಂಬ ಹೊಗಳಿಕೆಯೇ ಗತಿ. ಅದನ್ನು ಯಾವ ವಿಳಾಸಕ್ಕಾದರೂ ಕಳಿಸಬಹುದು.

ರೋಗಿಯೊಬ್ಬರ ವಯಸ್ಸು, ಊರು, ದಾಖಲಾದ ದಿನ ಎಲ್ಲ ಇದ್ದ ಪ್ಯಾರಾ ಕೂಡ ಹೋಯಿತು. ಹೆಸರು ಬಿಟ್ಟರೆ ಸಾಕೆಂದು ಅನೇಕರು ತಿಳಿಯುತ್ತಾರೆ. ಸಣ್ಣ ಊರಿನಲ್ಲಿ ಅಷ್ಟು ವಿವರವೇ ಗುರುತು ಹಿಡಿಯಲು ಸಾಕು. ರೋಗಿಯ ಗುಟ್ಟು ಕಾಯದ ನರ್ಸನ್ನು ಅರ್ಜಿ ಓದುವವರು ಅಲ್ಲಿಗೇ ಬದಿಗಿಡಬಹುದು.

ಕೊನೆಯ ಪ್ಯಾರಾದಲ್ಲಿ ಮುಂದೇನು ಎಂದು ಬರೆಯುವಾಗ ಎಡವುವವರೇ ಹೆಚ್ಚು. ‘ಎಂ.ಎಸ್ಸಿ. ಮುಗಿಸಿ ಬ್ರಿಟನ್ನಿನಲ್ಲಿ ಐಸಿಯು ನರ್ಸಾಗುತ್ತೇನೆ’ ಎಂದು ಬರೆಯುವ ಮುನ್ನ ಒಂದು ವಿಷಯ ತಿಳಿದಿರಲಿ. ಅಲ್ಲಿ ನರ್ಸಾಗಿ ದುಡಿಯಲು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ನೋಂದಣಿ ಬೇಕು. ಈಗಾಗಲೇ ನರ್ಸ್ ಆಗಿರುವವರಿಗಾಗಿ ಇರುವ ಕ್ರಿಟಿಕಲ್ ಕೇರ್ ಎಂ.ಎಸ್ಸಿ. ಆ ನೋಂದಣಿಯನ್ನು ಕೊಡುವುದಿಲ್ಲ. ಭಾರತದಲ್ಲಿ ಕಲಿತವರು ಅದಕ್ಕಾಗಿ ಬೇರೆಯೇ ಪರೀಕ್ಷೆಗಳನ್ನು ಪಾಸು ಮಾಡಬೇಕು. ಇನ್ನು ಕೆಲವು ಕೋರ್ಸುಗಳು ಓದುವ ಅವಧಿಯಲ್ಲೇ ಐಸಿಯುನಲ್ಲಿ ಕೆಲಸದಲ್ಲಿರಬೇಕೆಂದು ಕೇಳುತ್ತವೆ. ಶುಲ್ಕ ಕಟ್ಟುವ ಮುಂಚೆ ಅರ್ಹತೆಯ ಪುಟವನ್ನು ಏಜೆಂಟರ ಬಾಯಿಂದ ಕೇಳದೆ ನೀವೇ ಓದಿ.