ಹೆಸರು ಬರೆದಿಡದ ಲೆಕ್ಕ

ಹತ್ತು ಕೋಟಿ ಖಾತೆಗಳಿರುವ ಒಂದು ವೆಬ್‌ಸೈಟ್ ಇದೆ ಎಂದುಕೊಳ್ಳಿ. ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು, ಚಿಹ್ನೆ ಇರಬೇಕು ಎಂದು ಅದು ಹಟ ಹಿಡಿಯುತ್ತದೆ. ಜನರೇನು ಕಡಿಮೆಯೇ? ಸಾವಿರಾರು ಮಂದಿ India@123 ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಿಯಮ ಪಾಲಿಸಿದಂತಾಯಿತು, ಕಳ್ಳನಿಗೂ ಅನುಕೂಲವಾಯಿತು. ಅದೊಂದನ್ನೇ ಖಾತೆಯಿಂದ ಖಾತೆಗೆ ಪ್ರಯೋಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ಬಾಗಿಲು ತೆರೆಯುತ್ತದೆ.

2010ರಲ್ಲಿ ಸ್ಟುವರ್ಟ್ ಶೆಕ್ಟರ್, ಕಾರ್ಮಾಕ್ ಹರ್ಲಿ, ಮೈಕೆಲ್ ಮಿಟ್ಜೆನ್‌ಮಾಕರ್ ಎಂಬ ಮೂವರು ಸಂಶೋಧಕರು ಬೇರೊಂದು ದಾರಿ ಸೂಚಿಸಿದರು: ಯಾವ ಪಾಸ್‌ವರ್ಡ್ ಬೇಕಾದರೂ ಇರಲಿ, ಅದನ್ನು ತೀರಾ ಹೆಚ್ಚು ಜನ ಇಟ್ಟುಕೊಳ್ಳದಿದ್ದರೆ ಸಾಕು. ಹಾಗೆ ಮಾಡಲು ಪ್ರತಿ ಪಾಸ್‌ವರ್ಡ್ ಎಷ್ಟು ಸಲ ಬಂತೆಂದು ಎಣಿಸಬೇಕು. ಎಣಿಸಲು ಪಟ್ಟಿ ಬರೆದಿಟ್ಟರೆ ಆ ಪಟ್ಟಿಯೇ ಕಳ್ಳನ ಕೈಗೆ ಸಿಗಬಹುದು; ಜೊತೆಗೆ ಅದು ಗಾತ್ರದಲ್ಲೂ ಬೃಹತ್ತು. ಅವರು ಬಳಸಿದ್ದು ಕೌಂಟ್-ಮಿನ್ ಸ್ಕೆಚ್. ಗ್ರಹಾಂ ಕಾರ್ಮೋಡ್ ಮತ್ತು ಎಸ್. ಮುತ್ತುಕೃಷ್ಣನ್ ಅದನ್ನು ವಿವರಿಸಿದ ಪ್ರಬಂಧ 2005ರಲ್ಲಿ ಪ್ರಕಟವಾಗಿತ್ತು.

ಇದರಲ್ಲಿ ಇರುವುದು ಅಂಕಿಗಳ ಒಂದು ಕೋಷ್ಟಕ ಮಾತ್ರ, ಹೆಸರುಗಳಿಗೆ ಜಾಗವೇ ಇಲ್ಲ. ಪುಟ್ಟದೊಂದನ್ನು ತೆಗೆದುಕೊಳ್ಳೋಣ: ಮೂರು ಸಾಲು, ಸಾಲಿಗೆ ಎಂಟು ಮನೆ, ಎಲ್ಲದರಲ್ಲೂ ಸೊನ್ನೆ. ಪ್ರತಿ ಸಾಲಿಗೂ ತನ್ನದೇ ಒಂದು ಹ್ಯಾಶ್ ಸೂತ್ರವಿದೆ. ಯಾವ ಪದ ಕೊಟ್ಟರೂ ಅದು 1ರಿಂದ 8ರೊಳಗಿನ ಒಂದು ಮನೆಯನ್ನು ತೋರಿಸುತ್ತದೆ. ಅದೇ ಪದಕ್ಕೆ ಯಾವಾಗಲೂ ಅದೇ ಮನೆ. india123 ಬಂದರೆ ಮೊದಲ ಸಾಲಿನ 3ನೇ ಮನೆ, ಎರಡನೆಯದರ 6ನೇ ಮನೆ, ಮೂರನೆಯದರ 1ನೇ ಮನೆಗೆ ಒಂದೊಂದು ಕೂಡಿಸುತ್ತೇವೆ. ಅದು ನಾಲ್ಕು ಸಲ ಬಂತು. cricket ಎರಡು ಸಲ ಬಂತು. ಮೊದಲ ಸಾಲಿನಲ್ಲಿ ಅದಕ್ಕೂ 3ನೇ ಮನೆಯೇ, ಉಳಿದೆರಡು ಸಾಲುಗಳಲ್ಲಿ ಬೇರೆ. kannada ಮೂರು ಸಲ ಬಂತು. ಎರಡನೇ ಸಾಲಿನಲ್ಲಿ ಅದು 6ನೇ ಮನೆಗೆ ಹೋಗಿ ಕೂತಿತು.

ಈಗ india123 ಎಷ್ಟು ಸಲ ಬಂತೆಂದು ಕೇಳಿದರೆ ಅದರ ಮೂರು ಮನೆಗಳಲ್ಲಿ 6, 7, 4 ಎಂದಿದೆ. ಪಕ್ಕದವರ ಲೆಕ್ಕ ಸೇರಿ ಮನೆಯ ಅಂಕಿ ಉಬ್ಬಬಹುದು, ಕುಗ್ಗುವಂತಿಲ್ಲ. ಹಾಗಾಗಿ ಕನಿಷ್ಠವಾದ 4 ಎಲ್ಲಕ್ಕಿಂತ ನಂಬಲರ್ಹ. ಇಲ್ಲಿ ಅದು ಸರಿಯಾಗಿಯೂ ಇದೆ. ಯಾರೂ ಇಟ್ಟುಕೊಳ್ಳದ mysuru ಎಂಬುದನ್ನು ಕೇಳೋಣ. ಮೂರೂ ಸಾಲಿನಲ್ಲಿ ಅದು ಬೇರೆಯವರ ಮನೆಗೇ ಬಿದ್ದು 6, 7, 2 ಸಿಕ್ಕಿತೆನ್ನಿ. ಉತ್ತರ 2. ಸುಳ್ಳು ಉತ್ತರ, ಆದರೆ ಸುಳ್ಳು ಯಾವಾಗಲೂ ಹೆಚ್ಚಿನ ಕಡೆಗೇ ಇರುತ್ತದೆ. ಪಾಸ್‌ವರ್ಡ್ ವಿಷಯದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಜನಪ್ರಿಯವಾದದ್ದು ಒಂದೂ ತಪ್ಪಿಸಿಕೊಳ್ಳುವುದಿಲ್ಲ; ಯಾರೋ ಕೆಲವರು ಮಾತ್ರ ಸುಮ್ಮನೆ ಇನ್ನೊಂದನ್ನು ಯೋಚಿಸಬೇಕಾಗುತ್ತದೆ.

ನಿಜವಾದ ಗಾತ್ರ ಎಷ್ಟು ಬೇಕು? ಹತ್ತು ಸಾವಿರ ಮಂದಿ ದಾಟಿದ ಪಾಸ್‌ವರ್ಡ್ ಬೇಡ ಎನ್ನೋಣ, ಎಣಿಕೆ ಸಾವಿರದಷ್ಟು ಹೆಚ್ಚಾದರೆ ಅಡ್ಡಿಯಿಲ್ಲ. ಸಾಲಿಗೆ 2,71,829 ಮನೆಗಳಿದ್ದರೆ ಹತ್ತು ಕೋಟಿ ಎಣಿಕೆ ಹಂಚಿಹೋಗಿ ಒಂದು ಮನೆಗೆ ಸರಾಸರಿ ಸುಮಾರು 368 ಪರರ ಲೆಕ್ಕ ಬೀಳುತ್ತದೆ. ಅದು ಸಾವಿರ ಮೀರುವ ಸಂಭವ ಒಂದು ಸಾಲಿನಲ್ಲಿ ನೂರಕ್ಕೆ 37ನ್ನು ದಾಟುವುದಿಲ್ಲ. ಐದು ಸಾಲುಗಳಿಟ್ಟರೆ ಐದರಲ್ಲೂ ಒಟ್ಟಿಗೆ ಮೀರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಮನೆಗೆ ನಾಲ್ಕು ಬೈಟ್‌ನಂತೆ ಒಟ್ಟು ಸುಮಾರು 54 ಲಕ್ಷ ಬೈಟ್. ಮೊಬೈಲ್‌ನಲ್ಲಿ ತೆಗೆದ ಒಂದೆರಡು ಫೋಟೋ ಹಿಡಿಸುವಷ್ಟು ಜಾಗ.

ಮಿತಿಯೂ ಇದೇ ಲೆಕ್ಕದೊಳಗಿದೆ. ತಪ್ಪು ಬೆಳೆಯುವುದು ಒಟ್ಟು ಎಣಿಕೆಗೆ ತಕ್ಕಂತೆ. ಆದ್ದರಿಂದ ಲಕ್ಷ ಸಲ ಬಂದದ್ದಕ್ಕೆ ಸಾವಿರದ ತಪ್ಪು ಲೆಕ್ಕಕ್ಕಿಲ್ಲ, ಐದು ಸಲ ಬಂದದ್ದಕ್ಕೆ ಅದೇ ಪ್ರಳಯ. ಅಪರೂಪದ್ದನ್ನು ಎಣಿಸಲು ಇದನ್ನು ಹಿಡಿಯುವುದು ನನ್ನ ಮಟ್ಟಿಗೆ ವ್ಯರ್ಥ. ಅತಿ ಜನಪ್ರಿಯವಾದ ನೂರು ಪಾಸ್‌ವರ್ಡ್ ಕೊಡು ಎಂದರೂ ಕೋಷ್ಟಕಕ್ಕೆ ಆಗದು. ಕೇಳುವವನೇ ಪದವನ್ನು ತರಬೇಕು. ಕದ್ದವನು ಕೂಡ ತನ್ನ ಊಹೆಗಳನ್ನು ಕೇಳಿ ನೋಡಬಹುದು ಎಂಬುದನ್ನು ಮರೆಯಬಾರದು, ಅವನಿಗೆ ಸಿಗುವ ಉತ್ತರ ಎಷ್ಟೇ ಕಲಬೆರಕೆಯಾಗಿದ್ದರೂ.

ಕೋಷ್ಟಕ ಹದಗೆಟ್ಟಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಯಾರೂ ಬರೆದಿರಲಾರದ ಉದ್ದುದ್ದ ಅಡ್ಡಾದಿಡ್ಡಿ ಪದಗಳನ್ನು ಯಂತ್ರದಿಂದ ಹುಟ್ಟಿಸಿ ಒಂದೊಂದಾಗಿ ಕೇಳುವುದು. ಎಲ್ಲಕ್ಕೂ ಸೊನ್ನೆ ಬರಬೇಕಿತ್ತು. ಬಂದ ಅಂಕಿಯೆಲ್ಲ ಬರೀ ಕಲಬೆರಕೆ. ಅದು ಸಾವಿರದತ್ತ ಏರುತ್ತಿದ್ದರೆ ಮನೆಗಳು ಸಾಲುತ್ತಿಲ್ಲ ಎಂದರ್ಥ. ಆದರೆ ಆಗ ಇದ್ದ ಕೋಷ್ಟಕವನ್ನೇ ಅಗಲಿಸಲು ಬರುವುದಿಲ್ಲ. ಯಾವ ಮನೆಯಲ್ಲಿ ಯಾರ ಪಾಲೆಷ್ಟು ಎಂದು ಎಲ್ಲೂ ಬರೆದಿಲ್ಲವಲ್ಲ. ದೊಡ್ಡದೊಂದನ್ನು ಪಕ್ಕದಲ್ಲಿ ತೆರೆದು, ಜನ ಲಾಗಿನ್ ಆದಂತೆಲ್ಲ ಖಾತೆಗೊಮ್ಮೆ ಎಣಿಕೆಯನ್ನು ಮೊದಲಿನಿಂದ ತುಂಬಿಕೊಳ್ಳಬೇಕು.