ಫೈಲಿನ ಹೆಸರು ಯಾರಿಗಾಗಿ?

ಅಕ್ಕಿ ರೊಟ್ಟಿ ತಟ್ಟುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದೀರಿ ಎನ್ನಿ. ಫೋನು ಅದಕ್ಕೆ `VID_20250114_183012.mp4` ಎಂದು ತಾನೇ ಹೆಸರಿಟ್ಟಿರುತ್ತದೆ. ಯೂಟ್ಯೂಬಿಗೆ ಹಾಕುವ ಮೊದಲು ಇದನ್ನು `akki-rotti-recipe.mp4` ಎಂದು ಬದಲಿಸಿದರೆ ಹುಡುಕುವವರಿಗೆ ಬೇಗ ಸಿಗುತ್ತದೆ ಎಂಬ ಮಾತು ವಿಡಿಯೊ ಮಾಡುವವರಲ್ಲಿ ಬಹಳ ದಿನಗಳಿಂದ ಓಡಾಡುತ್ತಿದೆ. ನಿಜವೇ?

ವಿಡಿಯೊ ಏರಿದ ಮೇಲೆ ಯೂಟ್ಯೂಬ್ ಅದನ್ನು ಬೇರೆ ಬೇರೆ ಗಾತ್ರದ ಪ್ರತಿಗಳಾಗಿ ಮಾಡಿಕೊಂಡು, ಹನ್ನೊಂದು ಅಕ್ಷರಗಳ ಗುರುತೊಂದನ್ನು ಕೊಡುತ್ತದೆ. ವಿಳಾಸದಲ್ಲಿ ಕಾಣುವುದು ಆ ಗುರುತೇ. ನೀವಿಟ್ಟ ಫೈಲಿನ ಹೆಸರು ನೋಡುಗರಿಗೆ ಕಾಣುವುದಿಲ್ಲ. ಸ್ಟುಡಿಯೊದಲ್ಲಿ ನಿಮಗೆ ಮಾತ್ರ ಕಾಣುತ್ತದೆ. ಹುಡುಕಾಟಕ್ಕೆ ಯಾವುದನ್ನು ನೋಡುತ್ತೇವೆ ಎಂದು ಯೂಟ್ಯೂಬ್ ವಿವರಿಸುವಾಗ ಹೇಳುವುದು ಶೀರ್ಷಿಕೆ, ವಿವರಣೆ, ವಿಡಿಯೊದೊಳಗಿನ ವಿಷಯ ಮತ್ತು ಜನ ಎಷ್ಟು ಹೊತ್ತು ನೋಡಿದರು ಎಂಬುದನ್ನು. ಹೆಸರು ಬದಲಿಸಿದರೆ ನಷ್ಟವಿಲ್ಲ, ಆದರೆ ಅದರಿಂದ ನೋಡುಗರು ಹೆಚ್ಚುತ್ತಾರೆಂದು ನಂಬಲು ಆಧಾರವೂ ಇಲ್ಲ.

ಒಂದು ಕಡೆ ಮಾತ್ರ ಹೆಸರಿಗೆ ನೇರ ಪರಿಣಾಮವಿದೆ. ಅಪ್‌ಲೋಡ್ ಮಾಡುವಾಗ ಶೀರ್ಷಿಕೆಯ ಜಾಗದಲ್ಲಿ ಫೈಲಿನ ಹೆಸರೇ ಬಂದು ಕೂತಿರುತ್ತದೆ. ಅವಸರದಲ್ಲಿ ಅದನ್ನು ತಿದ್ದದೆ ಪ್ರಕಟಿಸಿದರೆ ನಿಮ್ಮ ರೊಟ್ಟಿಯ ಶೀರ್ಷಿಕೆ ಅಂಕಿಗಳ ಸಾಲಾಗುತ್ತದೆ. ಅಂಥ ಶೀರ್ಷಿಕೆ 'ಅಕ್ಕಿ ರೊಟ್ಟಿ' ಎಂದು ಹುಡುಕುವವರ ಕಣ್ಣಿಗೆ ಬೀಳುವುದು ಕಷ್ಟ.

ಹಾಗಾದರೆ ಹೆಸರಿಡುವ ಶ್ರಮವೇಕೆ? ತಪ್ಪು ಫೈಲು ಹೋಗದಿರಲೆಂದು. ಯೂಟ್ಯೂಬಿನಲ್ಲಿ ಪ್ರಕಟವಾದ ವಿಡಿಯೊದ ಜಾಗಕ್ಕೆ ಹೊಸ ಫೈಲನ್ನು ತಂದಿಡಲಾಗದು. ಕೊನೆಯ ತಿದ್ದುಪಡಿಯ ಬದಲು ಹಳೆಯ ಪ್ರತಿ ಹೋಗಿದ್ದರೆ ಮತ್ತೆ ಅಪ್‌ಲೋಡ್ ಮಾಡಬೇಕು. ಆಗ ವಿಳಾಸ ಹೊಸದು, ವೀಕ್ಷಣೆ ಸೊನ್ನೆಯಿಂದ ಶುರು, ಬಂದ ಕಮೆಂಟುಗಳೂ ಹಿಂದೆಯೇ ಉಳಿಯುತ್ತವೆ. `final.mp4`, `final2.mp4`, `final_new.mp4` ಒಂದೇ ಫೋಲ್ಡರಿನಲ್ಲಿದ್ದರೆ ಈ ಎಡವಟ್ಟು ಆಗಿಯೇ ಆಗುತ್ತದೆ.

ಅದಕ್ಕೆ ದಿನಾಂಕ, ವಿಷಯ, ಎಷ್ಟನೆಯ ಪ್ರತಿ ಎಂಬ ಮೂರೇ ಭಾಗ ಸಾಕು:

```
2025-01-14_akki-rotti_v03.mp4
```

ವರ್ಷ ಮೊದಲು, ಆಮೇಲೆ ತಿಂಗಳು, ದಿನ ಬರೆದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 3ರ ಬದಲು 03 ಎಂದರೆ, ಬರೀ ಅಕ್ಷರಕ್ರಮ ನೋಡುವ ತಂತ್ರಾಂಶಗಳಲ್ಲೂ ಹತ್ತನೆಯ ಪ್ರತಿ ಎರಡನೆಯದಕ್ಕಿಂತ ಮುಂದೆ ಹೋಗುವುದಿಲ್ಲ. ವಿಂಡೋಸ್ ಒಪ್ಪದ `: ? * /` ಮೊದಲಾದ ಚಿಹ್ನೆಗಳು ಬೇಡ. ಕ್ಯಾಮೆರಾದ ಮೂಲ ಫೈಲುಗಳ ಹೆಸರನ್ನು ಬದಲಿಸುವುದಿದ್ದರೆ ಎಡಿಟಿಂಗ್ ಶುರುಮಾಡುವ ಮೊದಲೇ ಬದಲಿಸಿ. ನಡುವೆ ಬದಲಿಸಿದರೆ ಎಡಿಟಿಂಗ್ ತಂತ್ರಾಂಶಕ್ಕೆ ಫೈಲು ಸಿಗದೆ, ಒಂದೊಂದನ್ನೂ ಮತ್ತೆ ತೋರಿಸಿಕೊಡಬೇಕಾಗುತ್ತದೆ.

ಫೈಲಿನ ಹೆಸರು ನಿಮಗಾಗಿ, ಶೀರ್ಷಿಕೆ ನೋಡುಗರಿಗಾಗಿ. ಹುಡುಕುವವರಿಗೆ ಸಿಗಬೇಕೆಂದಿದ್ದರೆ ಆ ಹೊತ್ತನ್ನು ಶೀರ್ಷಿಕೆಗೆ ಕೊಡಿ.